ಅಪ್‌ಡೇಟ್: ಎಂಟು ತಿಂಗಳು ಇನ್‌ಚಾರ್ಜ್ ಕೆಲಸ, ಸಂಬಳ ಅಸಿಸ್ಟೆಂಟ್‌ದು

ನಾನು ಕೇಳಿದ್ದು: "ಬೈಕಂಪಾಡಿಯಲ್ಲಿ ಸ್ಟೋರ್ಸ್ ಅಸಿಸ್ಟೆಂಟ್. ಇನ್‌ಚಾರ್ಜ್ ಬಿಟ್ಟು ಹೋದ ಮೇಲೆ ಅವರ ಕೆಲಸವೆಲ್ಲ ನನ್ನದೇ. ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಹೇಗೆ ಕೇಳಲಿ?"

ನೀವು ಹೇಳಿದ ಹಾಗೆ ಮೊದಲು ದಾಖಲೆ ಜೋಡಿಸಿದೆ. ಗೇಟ್‌ಪಾಸ್, ಸರಕು ಬಂದ ರಸೀದಿ, ಸ್ಟಾಕ್ ಲೆಕ್ಕದ ಹಾಳೆ, ಎಲ್ಲದರಲ್ಲೂ ಇನ್‌ಚಾರ್ಜ್ ಜಾಗದಲ್ಲಿ ನನ್ನ ಸಹಿ. ಮೊದಲನೆಯದು ಜೂನ್ 3ರದ್ದು. ಆ ಗೇಟ್‌ಪಾಸ್ ಮೇಜಿನ ಮೇಲಿಟ್ಟಾಗ ಮ್ಯಾನೇಜರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ, "ಮುಂದಿನ ತಿಂಗಳಿಂದ 6,000 ಅಲೋವೆನ್ಸ್ ಕೊಡ್ತೇವೆ ಮಾರಾಯ್ರೆ" ಅಂದರು. ಒಪ್ಪಲಿಲ್ಲ. ಅಲೋವೆನ್ಸ್ ಯಾವಾಗ ಬೇಕಾದರೂ ನಿಲ್ಲಿಸಬಹುದು. ನಮ್ಮಲ್ಲಿ ಪಿಎಫ್ ಕಟ್ಟುವುದು ಬೇಸಿಕ್ ಮೇಲೆ, ಅದೂ ಏರುವುದಿಲ್ಲ. ಹುದ್ದೆ, ಬೇಸಿಕ್, ಯಾವ ದಿನದಿಂದ ಜಾರಿ, ಈ ಮೂರೂ ಪತ್ರದಲ್ಲಿ ಬೇಕು ಅಂತ ಅವತ್ತೇ ಇಮೇಲ್ ಹಾಕಿದೆ.

ನಿನ್ನೆ ಪತ್ರ ಬಂತು. ಇನ್‌ಚಾರ್ಜ್ ಹುದ್ದೆ, ಬೇಸಿಕ್‌ನಲ್ಲೇ 6,000 ಜಾಸ್ತಿ. ಆದರೆ ಜಾರಿ ಸೆಪ್ಟೆಂಬರ್ 1ರಿಂದ. ಮೊದಲ ಮೂರು ತಿಂಗಳು "ಟ್ರೈನಿಂಗ್" ಅಂತೆ. ಕಲಿಸಲು ಅಲ್ಲಿ ಯಾರೂ ಇರಲಿಲ್ಲ, ಅದಕ್ಕೇ ನೋವಾಗಿದೆ. ಐದು ತಿಂಗಳ ಬಾಕಿ 30,000 ಈ ಸಂಬಳದ ಜೊತೆ ಬರುತ್ತದೆ. ಉಳಿದ 18,000ಕ್ಕೆ ಇನ್ನೊಂದು ಇಮೇಲ್ ಬರೆದಿದ್ದೇನೆ, ಜೂನ್ 3ರ ಗೇಟ್‌ಪಾಸ್ ಫೋಟೋ ಸೇರಿಸಿ.