ಸಹಾಯ ಬೇಕು: 25 ನಿಮಿಷಕ್ಕೇ ಗಾಳಿ ಎಳೆಯುವ ಬೋರ್‌ವೆಲ್, ಪಂಪ್ ಇಳಿಸಬೇಕಾ?

ಎಲ್ಲರಿಗೂ ನಮಸ್ಕಾರ. ತುಮಕೂರು ಹತ್ತಿರ ನಮ್ಮ ಮನೆ. ಆರೂವರೆ ಇಂಚಿನ ಬೋರ್, ಆಳ 480 ಅಡಿ, ಕೇಸಿಂಗ್ 60 ಅಡಿ, ನೀರು ಸಿಕ್ಕಿದ್ದು 310ಕ್ಕೆ, ಪಂಪ್ ಇರೋದು 440ರಲ್ಲಿ. ಮೋಟರ್ ಹಾಕಿ 25 ನಿಮಿಷ ಆದ್ರೆ ಪೈಪ್ ಬುಸ್ ಬುಸ್ ಅಂತ ಗಾಳಿ ಬಿಡುತ್ತದೆ.

200 ಲೀಟರ್ ಡ್ರಮ್ ಇಟ್ಟು ಅಳೆದೆ. ಶುರುವಿನಲ್ಲಿ 4 ನಿಮಿಷಕ್ಕೆ ತುಂಬಿತು, ಅರ್ಧ ಗಂಟೆ ಆದ ಮೇಲೆ 10 ನಿಮಿಷ ಬೇಕಾಯಿತು. ಅಂದ್ರೆ ಮೊದಲು ಬಂದದ್ದು ಕೊಳವೆಯಲ್ಲಿ ನಿಂತಿದ್ದ ನೀರು, ನಿಜವಾದ ಇಳುವರಿ ಗಂಟೆಗೆ 1200 ಲೀಟರ್ ಅಷ್ಟೇ ಅಲ್ವಾ?

ಮೆಕ್ಯಾನಿಕ್ ಇನ್ನೊಂದು ಪೈಪ್ ಇಳಿಸೋಣ ಅಂತಾರೆ. ಆದ್ರೆ 20 ಅಡಿಗೆ ಸಿಗೋದು ಸುಮಾರು 130 ಲೀಟರ್, ಬಂಡೆಯ ಬಿರುಕಿನಿಂದ ಬರುವ ನೀರು ಜಾಸ್ತಿ ಆಗಲ್ಲ, ಮೇಲಾಗಿ ತಳದ ಕೆಸರಿಗೆ ಪಂಪ್ ಹತ್ತಿರವಾಗುತ್ತದೆ. ಅದರ ಬದಲು ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡಿ, ಡ್ರೈ ರನ್ ಕಟ್ ಆಗುವ ಪ್ಯಾನೆಲ್ ಹಾಕಿದವರು ಇದ್ದೀರಾ? ಎಷ್ಟು ಹೊತ್ತು ಓಡಿಸುತ್ತೀರಿ?

ಇನ್ನೊಂದು ಚಿಂತೆ. ಜೋರು ಮಳೆ ಬಂದ ಮಾರನೇ ದಿನ ಮೊದಲ ಎರಡು ಬಕೆಟ್ ಕೆಂಪು ನೀರು. ಕೇಸಿಂಗ್ ಗಟ್ಟಿ ಬಂಡೆಗೆ ಸರಿಯಾಗಿ ಕೂತಿಲ್ಲ ಅಂತ ನನ್ನ ಅನುಮಾನ. ಹೀಗಿರುವಾಗ ಕೇಸಿಂಗ್ ಸುತ್ತಲೇ ಇಂಗುಗುಂಡಿ ತೆಗೆದರೆ ಕೊಳೆ ನೇರ ಒಳಗೆ ಹೋಗಲ್ವಾ? ಚಾವಣಿ ನೀರನ್ನು ಸ್ವಲ್ಪ ದೂರದ ಗುಂಡಿಗೆ ಬಿಟ್ಟವರು ದಯವಿಟ್ಟು ಹೇಳಿ.