ಬೇಯಿಸದ ಕೇಕ್ ಹಿಟ್ಟು ರುಚಿ ನೋಡಬಹುದಾ? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ತುಮಕೂರಿನ ಅಮ್ಮ: ಮೇಡಂ, ಮೊಟ್ಟೆ ಹಾಕದ ಕೇಕ್ ಹಿಟ್ಟು. ಓವನ್‌ಗೆ ಇಡೋ ಮೊದಲು ಬೆರಳಲ್ಲಿ ರುಚಿ ನೋಡಬಹುದಾ?

ಡಾಕ್ಟರ್: ಬೇಡಮ್ಮ. ಮೊಟ್ಟೆ ಇಲ್ಲದಿದ್ದರೂ ಮೈದಾ ಹಸಿಯೇ. ಹೊಲದಲ್ಲಿ ದನದ ಸಗಣಿ, ಹಕ್ಕಿ ಹಿಕ್ಕೆ ಗೋಧಿಗೆ ತಾಗಿರಬಹುದು, ಬೀಸುವಾಗಿನ ಬಿಸಿಗೆ ಕ್ರಿಮಿ ಸಾಯುವುದಿಲ್ಲ. ಮುಖ್ಯವಾಗಿ ಎರಡು: ಸಾಲ್ಮೊನೆಲ್ಲಾ, ಮತ್ತು ಶಿಗಾ ಎಂಬ ವಿಷ ಬಿಡುವ ಇ. ಕೋಲೈ. ಒಣ ಹಿಟ್ಟಿನಲ್ಲಿ ಅವು ಹೆಚ್ಚುವುದಿಲ್ಲ, ಆದರೆ ತಿಂಗಳುಗಟ್ಟಲೆ ಬದುಕಿರುತ್ತವೆ. ವಾಸನೆ, ಬಣ್ಣ ನೋಡಿ ಗೊತ್ತಾಗುವುದಿಲ್ಲ.

ಹುಬ್ಬಳ್ಳಿ ಬೇಕರಿಯವರು: ಇಪ್ಪತ್ತು ವರ್ಷದಿಂದ ನೆಕ್ಕಿ ನೋಡುತ್ತಿದ್ದೇನೆ, ಏನೂ ಆಗಿಲ್ಲ. ಸಕ್ಕರೆ ಸರಿಯಿದೆಯಾ ಅಂತ ಮತ್ತೆ ಹೇಗೆ ತಿಳಿಯುವುದು?

ಮೈಸೂರಿನವರು: ಪ್ರತಿ ಚೀಲದಲ್ಲೂ ಇರುತ್ತೆ ಅಂತ ಅವರು ಹೇಳಲಿಲ್ಲವಲ್ಲ. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿನಿಂದಲೇ 63 ಜನಕ್ಕೆ ಇ. ಕೋಲೈ ಬಂತು. ಹೋಟೆಲಲ್ಲಿ ಆಡೋಕೆ ಕೊಟ್ಟ ಹಸಿ ಕಣಕದಿಂದ ಮಕ್ಕಳಿಗೂ ಬಂತು.

ಹುಬ್ಬಳ್ಳಿ ಬೇಕರಿಯವರು: ಅದು ಅಮೆರಿಕ.

ಮೈಸೂರಿನವರು: ಇಲ್ಲಿನ ಹೊಲದಲ್ಲಿ ದನ ಇಲ್ವಾ?

ಶಿರಸಿಯವರು: ಗ್ರೂಪಲ್ಲಿ ಬಂದಿದ್ದು: ಮೈದಾ ಒಂದು ನಿಮಿಷ ಮೈಕ್ರೋವೇವ್ ಮಾಡಿ, ಇಲ್ಲವೇ ಬಿಸಿಲಿಗೆ ಹಾಕಿ, ಎಲ್ಲ ಸಾಯುತ್ತೆ.

ಡಾಕ್ಟರ್: ಸಾಯುವುದಿಲ್ಲ. ನೀರಿಲ್ಲದ ಕಡೆ ಈ ಕ್ರಿಮಿಗಳು ಬಿಸಿಯನ್ನು ಜಾಸ್ತಿ ತಡೆಯುತ್ತವೆ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸೀದರೂ ಇನ್ನೊಂದು ಕಡೆ ತಣ್ಣಗೇ ಇರುತ್ತೆ. ಇದನ್ನು ಮುಂದೆ ಕಳಿಸಬೇಡಿ.

ಹಾಸನದ ಅಮ್ಮ: ಮೇಡಂ, ಮಗನಿಗೆ ನಾಲ್ಕು ವರ್ಷ. ಭಾನುವಾರ ಕೇಕ್ ಹಿಟ್ಟಿನ ಪಾತ್ರೆ ನೆಕ್ಕಿದ. ಬುಧವಾರದಿಂದ ಭೇದಿ, ಇವತ್ತು ರಕ್ತ ಬಂತು. ಜ್ವರ ಇಲ್ಲ. ಮನೆಯಲ್ಲಿ ಹಳೇ ಆ್ಯಂಟಿಬಯೋಟಿಕ್ ಸಿರಪ್ ಇದೆ, ಕೊಡಲಾ?

ಡಾಕ್ಟರ್: ಕೊಡಬೇಡಿ. ಭೇದಿ ನಿಲ್ಲಿಸೋ ಮಾತ್ರೆಯೂ ಬೇಡ. ಈಗಲೇ ಆಸ್ಪತ್ರೆಗೆ ಹೊರಡಿ, ನಾಳೆಗೆ ಇಡಬೇಡಿ. ಹಿಟ್ಟಿನಿಂದಲೇ ಬಂತು ಅಂತ ನಾನು ಹೇಳಲಾರೆ. ನಮ್ಮಲ್ಲಿ ರಕ್ತಭೇದಿಗೆ ಶಿಗೆಲ್ಲಾ ಎಂಬ ಬೇರೆ ಕ್ರಿಮಿ ಕಾರಣವಾಗುವುದೂ ಉಂಟು, ಅದಕ್ಕೆ ಆ್ಯಂಟಿಬಯೋಟಿಕ್ ಬೇಕಾಗುತ್ತೆ. ಆದರೆ ಇದು ಆ ಇ. ಕೋಲೈ ಆಗಿದ್ದರೆ, ಔಷಧಿಯಿಂದ ವಿಷ ಇನ್ನೂ ಜಾಸ್ತಿ ಬಿಡುಗಡೆಯಾಗಬಹುದು. ನೆಕ್ಕಿದ ಮೂರ್ನಾಲ್ಕು ದಿನಕ್ಕೆ ಭೇದಿ, ಆಮೇಲೆ ರಕ್ತ, ಜ್ವರ ಇಲ್ಲ ಅಂದಿರಿ, ಅದಕ್ಕೇ ನನಗೆ ಭಯ. ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿ ಶುರುವಾಗಿ ಒಂದು ವಾರದ ಹೊತ್ತಿಗೆ, ಭೇದಿ ಕಮ್ಮಿಯಾಗುತ್ತಿರುವಾಗಲೇ, ಆ ವಿಷ ಕಿಡ್ನಿಗೆ ಹೊಡೆಯಬಹುದು. ಮಗು ಬಿಳಿಚಿಕೊಳ್ಳುತ್ತೆ, ಮಂಕಾಗುತ್ತೆ, ಮೂತ್ರ ಕಮ್ಮಿಯಾಗುತ್ತೆ. ಹಿಟ್ಟು ನೆಕ್ಕಿದ್ದನ್ನು ಅಲ್ಲಿ ಹೇಳಿ. ಮಲ ಪರೀಕ್ಷೆ, ರಕ್ತದ ಎಣಿಕೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಮಾಡಿಸಿ. ಕೊನೆಗೆ ಮೂತ್ರ ಮಾಡಿದ್ದು ಯಾವಾಗ?

ಶಿರಸಿಯವರು: ಮಜ್ಜಿಗೆಗೆ ಮೆಂತ್ಯ ಹಾಕಿ ಕೊಡಿ, ನಮ್ಮ ಮಗಳಿಗೆ ಒಂದೇ ದಿನಕ್ಕೆ ನಿಂತಿತು.

ಡಾಕ್ಟರ್: ದಯವಿಟ್ಟು ಸುಮ್ನಿರಿ. ಅದು ರಕ್ತ ಹೋಗುತ್ತಿರುವ ಮಗು.

ಮಂಗಳೂರಿನವರು: ರಾಗಿ ಹಿಟ್ಟಿನ ಕೇಕ್ ಆದ್ರೆ ನೆಕ್ಕಬಹುದಾ?

ಬೆಳಗಾವಿಯವರು: ಮೊಟ್ಟೆ ಇಲ್ಲದಿದ್ರೆ ನಡೆಯುತ್ತಾ?

ಡಾಕ್ಟರ್: ಮೇಲೆ ಓದಿ.

ಹುಬ್ಬಳ್ಳಿ ಬೇಕರಿಯವರು: ಹೀಗೆ ಹೆದರಿಸಿದ್ರೆ ಕೇಕ್ ಯಾರು ತಿಂತಾರೆ?

ಮೈಸೂರಿನವರು: ಬೆಂದ ಕೇಕ್ ಬಗ್ಗೆ ಇಲ್ಲಿ ಯಾರಾದರೂ ಮಾತಾಡಿದ್ರಾ?

ಹಾಸನದ ಅಮ್ಮ: ಆಸ್ಪತ್ರೆಗೆ ಬಂದ್ವಿ ಮೇಡಂ. ರಕ್ತ ತೆಗೆದುಕೊಂಡರು. ಮೂತ್ರ ಬೆಳಿಗ್ಗೆ ಒಂದು ಸಲ, ಸ್ವಲ್ಪವೇ.

ಡಾಕ್ಟರ್: ಅದನ್ನು ಅಲ್ಲಿರುವ ಡಾಕ್ಟರಿಗೆ ಈಗಲೇ ಹೇಳಿ. ರಿಪೋರ್ಟ್ ಬರಲಿ ಅಂತ ಕಾಯಬೇಡಿ.