ಅವ್ವನ ಬಗ್ಗೆ ಮಾತು: ಕೊನೆ ಸಾಲಿಗೆ ಪದ ಬೇಕು

ಬರುವ ಭಾನುವಾರ ನಮ್ಮವ್ವನಿಗೆ ಅರವತ್ತು. ನಾನು ನಾಲ್ಕು ಮಾತು ಆಡಿ, ಒಂದು ಪುಟ್ಟ ಪದ್ಯ ಓದಬೇಕು. ನಮ್ಮದು ಧಾರವಾಡದ ಕಡೆ, ಮನೆಯಲ್ಲಿ ಕರೆಯುವುದು 'ಅವ್ವ' ಅಂತಲೇ.

ಮೊದಲು 'ನಮ್ಮ ಮಾತೃಶ್ರೀಯವರು' ಎಂದು ಬರೆದೆ. ಲಗ್ನಪತ್ರಿಕೆ ಓದಿದಂತಾಯಿತು. 'ಜನನಿ' ಹಾಡಿಗೆ ಸರಿ, ಎದುರಿಗೆ ಕೂತವಳಿಗೆ ಅಲ್ಲ. ಹಾಗಾಗಿ ಸಭೆಗೆ ಪರಿಚಯಿಸುವಾಗ 'ನನ್ನ ತಾಯಿ', ಅವಳ ಕಡೆ ತಿರುಗಿದಾಗ 'ಅವ್ವಾ' ಎಂದಿಟ್ಟಿದ್ದೇನೆ. ಇಷ್ಟು ಸರಿ ಅನ್ನಿಸಿದೆ.

ಸಿಕ್ಕಿಬಿದ್ದಿರುವುದು ಪದ್ಯದ ಕೊನೆ ಸಾಲಿನಲ್ಲಿ. ಅಲ್ಲಿ 'ಹಡೆದವ್ವ' ಚೆನ್ನಾಗಿ ಕೂರುತ್ತದೆ. ಆದರೆ ಇವಳು ನನ್ನನ್ನು ಹೆತ್ತವಳಲ್ಲ, ಎರಡು ವರ್ಷದವನಿದ್ದಾಗಿನಿಂದ ಸಾಕಿದ ಚಿಕ್ಕಮ್ಮ. 'ಸಾಕುತಾಯಿ' ಎಂದರೆ ದೂರ ತಳ್ಳಿದಂತೆ, ಕಾಗದಪತ್ರದ ಮಾತು ಬೇರೆ.

ಹಡೆದವ್ವನಷ್ಟೇ ಬಿಸುಪಿರುವ, ಆದರೆ ಹೆರಿಗೆಯ ಅರ್ಥವಿಲ್ಲದ ಪದ ನಿಮ್ಮ ಕಡೆ ಇದೆಯಾ? ಅಥವಾ ಸುಮ್ನೆ 'ಅವ್ವ' ಅಂತಲೇ ಮುಗಿಸಲಾ?